ಥರ್ಮೋಕೋಲಿಗೆ ಎಷ್ಟು ಅಂಕ?
ನಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನದ ಅಂಕ ಹಾಳೆ ನಡೆದು ಬಂದ ದಾರಿ

ಶಾಲೆಯ ಐವತ್ತು ವರ್ಷಗಳ ಇತಿಹಾಸವನ್ನು ಬರೆಯುವವರು ಕಟ್ಟಡ, ಫಲಿತಾಂಶ, ಮುಖ್ಯೋಪಾಧ್ಯಾಯರ ಪಟ್ಟಿ ಇವುಗಳ ಬಗ್ಗೆ ಬರೆಯುತ್ತಾರೆ. ಸಂಚಿಕೆಯ ಸಂಪಾದಕ ಮಂಡಳಿಯವರು ನನಗೆ ವಿಜ್ಞಾನ ವಿಭಾಗದ ಬಗ್ಗೆ ಬರೆಯಲು ಹೇಳಿದಾಗ ನಾನು ಆರಿಸಿಕೊಂಡದ್ದು ಒಂದೇ ಒಂದು ಹಾಳೆಯನ್ನು. ಪ್ರಯೋಗಾಲಯದ ಬೀರುವಿನಲ್ಲಿ ರಟ್ಟಿನ ಫೈಲೊಂದರಲ್ಲಿ ಇಂದಿಗೂ ಇರುವ ಅದು, ಶಾಲಾ ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರರು ಅಂಕ ತುಂಬುವ ಹಾಳೆ. ಅದರಲ್ಲಿ ಆರು ಸಾಲುಗಳಿವೆ, ಒಟ್ಟು ನೂರು ಅಂಕ. ಈ ಆರು ಸಾಲುಗಳು ಹೇಗೆ ಬಂದವು, ಅವು ಏನನ್ನು ಬದಲಿಸಿದವು, ಯಾವುದನ್ನು ಬದಲಿಸಲಾಗಲಿಲ್ಲ ಎಂಬುದನ್ನು ನನಗೆ ತಿಳಿದಷ್ಟು ದಾಖಲಿಸುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಮಕ್ಕಳಿಗಾಗಿ ರಾಷ್ಟ್ರಮಟ್ಟದ ವಿಜ್ಞಾನ ಪ್ರದರ್ಶನವನ್ನು ಎನ್‌ಸಿಇಆರ್‌ಟಿ 1971ರಲ್ಲಿ ದೆಹಲಿಯಲ್ಲಿ ಆರಂಭಿಸಿತು. ಮುಂದೆ ಅದಕ್ಕೆ ಜವಾಹರಲಾಲ್ ನೆಹರೂ ಅವರ ಹೆಸರು ಸೇರಿತು. ಶಾಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಮಾದರಿಗಳು ಮೆಟ್ಟಿಲು ಹತ್ತಿ ಹೋಗುವ ಪದ್ಧತಿ ನಮ್ಮ ಕಡೆಯೂ ಬೇರೂರಿತು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಕೋಲಾರ ಜಿಲ್ಲೆಯಲ್ಲೇ ಇದ್ದವು. ಹಾಗಾಗಿ ಆ ಕಾಲದಲ್ಲಿ ತಾಲ್ಲೂಕಿನಲ್ಲಿ ಗೆದ್ದ ಮಕ್ಕಳು ಮಾದರಿಯನ್ನು ಬಸ್ಸಿನ ಮೇಲೆ ಕಟ್ಟಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗಬೇಕಿತ್ತು. ಮೊದಮೊದಲು ಬರುತ್ತಿದ್ದ ಮಾದರಿಗಳು ರಟ್ಟು, ಬೆಂಕಿಪೊಟ್ಟಣ, ಟಾರ್ಚಿನ ಬಲ್ಬು, ಗ್ಲೂಕೋಸ್ ಬಾಟಲಿಯ ಪೈಪು ಇವುಗಳಲ್ಲೇ ಆಗುತ್ತಿದ್ದವು. ಆಮೇಲೆ ಥರ್ಮೋಕೋಲು ಬಂತು. ಅದರ ಹಿಂದೆಯೇ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಎಲ್‌ಇಡಿ, ಸಣ್ಣ ಮೋಟಾರು, ಸೆನ್ಸಾರುಗಳು ಬಂದವು. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಪ್ರಶಸ್ತಿ ಯೋಜನೆ ಬಂದ ಮೇಲೆ ಆಯ್ಕೆಯಾದ ವಿದ್ಯಾರ್ಥಿಯ ಖಾತೆಗೇ ಹಣ ಜಮೆಯಾಗತೊಡಗಿತು. ಈಗ ಅದು 10,000 ರೂಪಾಯಿ. ಬಡ ಮಕ್ಕಳಿಗೆ ಇದರಿಂದ ದೊಡ್ಡ ಉಪಕಾರವಾಯಿತು. ಅದರ ಜೊತೆಗೆ ಮಾದರಿಯನ್ನು ದುಡ್ಡಿಗೆ ಮಾಡಿಕೊಡುವವರೂ ಅಲ್ಲಲ್ಲಿ ಹುಟ್ಟಿಕೊಂಡರು.

ನಾನು ಇಲ್ಲಿ ವಿಜ್ಞಾನ ಶಿಕ್ಷಕನಾಗಿದ್ದ ವರ್ಷಗಳಲ್ಲಿ ಶಾಲೆಯ ಪ್ರದರ್ಶನಕ್ಕೆ ಸುಮಾರು ಮೂವತ್ತು ಮಾದರಿಗಳು ಬರುತ್ತಿದ್ದವು. ಒಂದು ಕಡೆ ಚಿಂತಾಮಣಿ ಪೇಟೆಯಲ್ಲಿ ಅಂಗಡಿ ಇಟ್ಟವರ ಮಕ್ಕಳು, ಇನ್ನೊಂದು ಕಡೆ ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ದುಕೊಟ್ಟು ಶಾಲೆಗೆ ಬರುವ ಮಕ್ಕಳು. ಒಬ್ಬನ ಮಾದರಿಗೆ ಎರಡು ಸಾವಿರ ರೂಪಾಯಿ ಖರ್ಚಾಗಿದ್ದರೆ ಇನ್ನೊಬ್ಬಳದಕ್ಕೆ ಇಪ್ಪತ್ತು. ಬಹುಮಾನ ಯಾರಿಗೆ ಎಂಬುದನ್ನು ಮಕ್ಕಳು ಬೆಳಿಗ್ಗೆಯೇ ಊಹಿಸಿಬಿಡುತ್ತಿದ್ದರು. ಊಹೆ ತಪ್ಪುತ್ತಿದ್ದುದು ಅಪರೂಪ. "ಸಾರ್, ಅವನ್ದು ಲೈಟ್ ಉರೀತದೆ, ನಮ್ದು ಎಲ್ಲಿ ಬರ್ತದೆ?" ಎಂದು ಎಂಟನೇ ತರಗತಿಯ ಹುಡುಗನೊಬ್ಬ ಕೇಳಿದ ಮಾತಿಗೆ ಉತ್ತರ ಕೊಡಬೇಕಾದ್ದು ಅಂಕ ಹಾಳೆಯೇ ಹೊರತು ಸಮಾಧಾನದ ಮಾತಲ್ಲ.

ಆಗ ನಾವು ಬಳಸುತ್ತಿದ್ದುದು ಎನ್‌ಸಿಇಆರ್‌ಟಿ ಮಾರ್ಗಸೂಚಿಯ ಮಾನದಂಡಗಳನ್ನು. ಅದರಲ್ಲಿ ಏಳು ಸಾಲುಗಳಿವೆ. ಮಕ್ಕಳ ಸ್ವಂತ ಸೃಜನಶೀಲತೆ ಮತ್ತು ಕಲ್ಪನೆಗೆ ಶೇಕಡಾ 20. ಮಾದರಿಯ ಸ್ವಂತಿಕೆ ಮತ್ತು ಹೊಸತನಕ್ಕೆ 15. ವೈಜ್ಞಾನಿಕ ಚಿಂತನೆ, ತತ್ವ, ವಿಧಾನಕ್ಕೆ 15. ತಾಂತ್ರಿಕ ಕೌಶಲ ಮತ್ತು ಕುಸುರಿಗೆ 15. ಜನಸಾಮಾನ್ಯರಿಗೂ ಮಕ್ಕಳಿಗೂ ಇರುವ ಉಪಯುಕ್ತತೆಗೆ 15. ಕಡಿಮೆ ಖರ್ಚು, ಸಾಗಿಸುವ ಅನುಕೂಲ, ಬಾಳಿಕೆ ಎಲ್ಲ ಸೇರಿ 10. ವಿವರಣೆ, ಪ್ರಾತ್ಯಕ್ಷಿಕೆ, ಮಂಡನೆಗೆ 10.

ಈ ಹಾಳೆಯನ್ನು ದೂರುವಂತಿಲ್ಲ. ಅಂದಚೆಂದಕ್ಕೆಂದೇ ಮೀಸಲಾದ ಸಾಲು ಒಂದೇ. ಅದಕ್ಕೆ 15 ಮಾತ್ರ. ಕಡಿಮೆ ಖರ್ಚಿಗೂ ಅಂಕವಿದೆ. ಹಾಗಾದರೆ ದುಬಾರಿ ಮಾದರಿ ಗೆಲ್ಲುತ್ತಿದ್ದುದು ಹೇಗೆ? ಇದನ್ನು ತಿಳಿಯಲು ನಾನು ಒಂದು ವರ್ಷ ಪ್ರದರ್ಶನ ಮುಗಿದ ಮೇಲೆ ತುಂಬಿದ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಎರಡು ಮಾದರಿಗಳ ಹಾಳೆಗಳನ್ನು ಇಲ್ಲಿ ವಿವರವಾಗಿ ಹೇಳಿದರೆ ವಿಷಯ ಸ್ಪಷ್ಟವಾಗುತ್ತದೆ.

ಮೊದಲನೆಯದು ಜಲವಿದ್ಯುತ್ ಅಣೆಕಟ್ಟು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಸೀಮೆಯಲ್ಲಿ ಅಣೆಕಟ್ಟಿನ ಮಾದರಿ ಬಾರದ ವರ್ಷವೇ ಇಲ್ಲ. ಥರ್ಮೋಕೋಲಿನ ಕಟ್ಟೆ, ನೀಲಿ ಬಣ್ಣದ ನೀರು, ನೀರನ್ನು ಮೇಲೆತ್ತುವ ಪುಟ್ಟ ಪಂಪು, ತಿರುಗುವ ಚಕ್ರ, ಆಚೆ ದಡದಲ್ಲಿ ಹನ್ನೆರಡು ಮನೆಗಳಲ್ಲಿ ಮಿನುಗುವ ದೀಪಗಳು. ಹುಡುಗ ಎರಡು ನಿಮಿಷ ನಿಲ್ಲದೆ ನಿರರ್ಗಳವಾಗಿ ಮಾತನಾಡಿದ.

ಎರಡನೆಯದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳದು. ನಾಲ್ಕು ಹಳೆಯ ಔಷಧಿ ಬಾಟಲಿಗಳು, ಒಂದು ಡ್ರಾಪರು, ಬಟ್ಟೆ ಸೋಪಿನ ಚೂರನ್ನು ನೀರಿನಲ್ಲಿ ಕರಗಿಸಿದ ದ್ರಾವಣ, ಒಂದು ನೋಟ್‌ಬುಕ್ಕು. ಅವಳ ಮನೆಯವರು ರೇಷ್ಮೆ ನೂಲು ತೆಗೆಯುವವರು. ಶಿಡ್ಲಘಟ್ಟದ ಸುತ್ತಮುತ್ತ ಗೂಡು ಬೇಯಿಸುವವರಿಗೆಲ್ಲ ಗೊತ್ತಿರುವ ಮಾತೊಂದಿದೆ: ನೀರು ಮೆದುವಾಗಿದ್ದರೆ ನೂಲು ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ, ಗಡಸು ನೀರಾದರೆ ತೊಂದರೆ. ಯಾವ ನೀರು ಎಷ್ಟು ಗಡಸು ಎಂದು ಮನೆಯಲ್ಲೇ ತಿಳಿಯಲು ಸಾಧ್ಯವೇ ಎಂಬುದು ಅವಳ ಪ್ರಶ್ನೆ. ಹಿಡಿದಿಟ್ಟ ಮಳೆನೀರು, ಊರ ಬಾವಿಯ ನೀರು, ಎರಡು ಬೋರ್‌ವೆಲ್‌ಗಳ ನೀರು ಇವುಗಳನ್ನು ತಲಾ 20 ಮಿಲಿಲೀಟರ್ ಅಳೆದು ಬಾಟಲಿಗೆ ಹಾಕಿದ್ದಳು. ಸೋಪಿನ ದ್ರಾವಣವನ್ನು ಒಂದೊಂದೇ ಹನಿ ಹಾಕಿ, ಮುಚ್ಚಳ ಹಾಕಿ ಕುಲುಕಿ, ನೊರೆ ಅಲ್ಲಾಡದೆ ನಿಲ್ಲುವವರೆಗೆ ಎಷ್ಟು ಹನಿ ಬೇಕಾಯಿತೆಂದು ಎಣಿಸಿದ್ದಳು. ಪ್ರತಿ ನೀರಿಗೂ ಮೂರು ಸಲ. ಮಳೆನೀರಿಗೆ ನಾಲ್ಕೈದು ಹನಿ ಸಾಕಾಗಿದ್ದರೆ ಒಂದು ಬೋರ್‌ವೆಲ್ ನೀರಿಗೆ ಮೂವತ್ತರ ಹತ್ತಿರ ಬೇಕಾಗಿತ್ತು.

ಹಾಳೆಗಳಲ್ಲಿ ಕಂಡದ್ದು ಹೀಗಿತ್ತು. ಕುಸುರಿಯ ಸಾಲಿನಲ್ಲಿ ಅಣೆಕಟ್ಟಿಗೆ 14, ಬಾಟಲಿಗಳಿಗೆ 6. ಇದರಲ್ಲಿ ಅನ್ಯಾಯವಿಲ್ಲ. ಆದರೆ ಸೃಜನಶೀಲತೆಯ ಸಾಲಿನಲ್ಲಿ ಅಣೆಕಟ್ಟಿಗೆ 17, ಬಾಟಲಿಗಳಿಗೆ 11. ಸ್ವಂತಿಕೆಯಲ್ಲಿ 12 ಮತ್ತು 8. ಉಪಯುಕ್ತತೆಯಲ್ಲಿ 12 ಮತ್ತು 9. ವೈಜ್ಞಾನಿಕ ಚಿಂತನೆಯಲ್ಲಿ 10 ಮತ್ತು 11, ಅಂದರೆ ಹೆಚ್ಚುಕಡಿಮೆ ಸಮ. ಖರ್ಚಿನ ಸಾಲಿನಲ್ಲಿ 5 ಮತ್ತು 9. ಮಂಡನೆಯಲ್ಲಿ 9 ಮತ್ತು 5. ಒಟ್ಟು 79 ಮತ್ತು 59.

ಹೊಳಪು ತನಗೆಂದು ಇಟ್ಟ ಸಾಲಿನಲ್ಲಷ್ಟೇ ನಿಲ್ಲಲಿಲ್ಲ, ಪಕ್ಕದ ಸಾಲುಗಳಿಗೂ ಹರಿಯಿತು. "ಸೃಜನಶೀಲತೆ", "ಸ್ವಂತಿಕೆ" ಎಂಬ ಪದಗಳು ದೊಡ್ಡವು. ಯಾವುದನ್ನು ಕಂಡರೆ 17, ಯಾವುದನ್ನು ಕಂಡರೆ 11 ಎಂದು ಎಲ್ಲೂ ಬರೆದಿಲ್ಲ. ಒಂದು ಮಾದರಿಗೆ ಎರಡು ನಿಮಿಷ ಸಿಗುವ ತೀರ್ಪುಗಾರರು ಒಟ್ಟಾರೆ ಮನಸ್ಸಿಗೆ ಬಂದ ಮೆಚ್ಚುಗೆಯನ್ನು ಏಳು ಸಾಲುಗಳಿಗೆ ಹಂಚಿಬಿಡುತ್ತಾರೆ. ಹಾಳೆ ಏಳು ವಿಷಯಗಳನ್ನು ಅಳೆಯುತ್ತಿದೆ ಎಂದು ನಾವು ನಂಬಿರುತ್ತೇವೆ. ನಿಜವಾಗಿ ಅದು ಒಂದೇ ವಿಷಯವನ್ನು ಏಳು ಸಲ ಅಳೆದಿರುತ್ತದೆ. ಇದನ್ನು ಗುರುತಿಸುವ ಉಪಾಯವೂ ಸುಲಭ. ತುಂಬಿದ ಹಾಳೆಯಲ್ಲಿ ಒಬ್ಬ ವಿದ್ಯಾರ್ಥಿಗೆ ಹೆಚ್ಚುಕಡಿಮೆ ಎಲ್ಲ ಸಾಲುಗಳಲ್ಲೂ ಹೆಚ್ಚು, ಇನ್ನೊಬ್ಬರಿಗೆ ಹೆಚ್ಚುಕಡಿಮೆ ಎಲ್ಲ ಸಾಲುಗಳಲ್ಲೂ ಕಡಿಮೆ ಬಂದಿದ್ದರೆ ತೀರ್ಪುಗಾರರು ಸಾಲುಗಳನ್ನು ಬೇರೆಬೇರೆಯಾಗಿ ನೋಡಿಲ್ಲ ಎಂದರ್ಥ.

ಅಂದು ಸಂಜೆ ಅಣೆಕಟ್ಟಿನ ಹಿಂಬದಿಯನ್ನು ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಚಕ್ರಕ್ಕೂ ದೀಪಗಳಿಗೂ ಸಂಬಂಧವೇ ಇರಲಿಲ್ಲ. ದೀಪಗಳು ಉರಿಯುತ್ತಿದ್ದುದು ಥರ್ಮೋಕೋಲಿನ ಅಡಿಯಲ್ಲಿಟ್ಟ ಒಂಬತ್ತು ವೋಲ್ಟಿನ ಬ್ಯಾಟರಿಯಿಂದ. ಚಕ್ರವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದರೂ ಊರು ಬೆಳಗುತ್ತಲೇ ಇತ್ತು. ಹುಡುಗ ಮೋಸ ಮಾಡಿದ್ದನೆಂದು ನಾನು ಹೇಳುವುದಿಲ್ಲ. ಅವನಿಗೆ ಅದು ಗೊತ್ತೇ ಇರಲಿಲ್ಲ. ಕೊಂಡು ತಂದದ್ದನ್ನು ಅವನು ಬಿಚ್ಚಿ ನೋಡಿರಲಿಲ್ಲ, ನಾವು ಯಾರೂ ಚಕ್ರ ಹಿಡಿದು ನಿಲ್ಲಿಸಲು ಹೇಳಿರಲಿಲ್ಲ.

ಮುಂದಿನ ವರ್ಷದ ಪ್ರದರ್ಶನಕ್ಕೆ ಮೊದಲು ನಾವು ಮೂವರು ಶಿಕ್ಷಕರು ಕುಳಿತು ಶಾಲಾ ಮಟ್ಟಕ್ಕೆ ಮಾತ್ರ ಅನ್ವಯಿಸುವಂತೆ ಬೇರೆ ಹಾಳೆಯನ್ನು ಬರೆದೆವು. ಪ್ರಶ್ನೆ ಕೇಳಬೇಕು ಎಂಬ ಆಲೋಚನೆ ನಮ್ಮ ಸೀಮೆಗೆ ಹೊಸದೇನಲ್ಲ. ಗೌರಿಬಿದನೂರಿನ ಹತ್ತಿರದ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬಂದು, 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಸೈನ್ಸ್ ಫೋರಂ ಕಟ್ಟಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದವರು. ಎದುರಿಗೆ ಕಂಡದ್ದನ್ನು ಮೆಚ್ಚುವ ಮೊದಲು ಪರೀಕ್ಷಿಸು ಎಂಬುದು ಅವರ ನಿಲುವು. ಆ ನಿಲುವನ್ನು ಥರ್ಮೋಕೋಲ್ ಅಣೆಕಟ್ಟಿಗೂ ಅನ್ವಯಿಸಬಹುದೆಂದು ನಮಗೆ ತೋರಿತು.

ಆ ಹಾಳೆ ಹೀಗಿದೆ:

1. ಪ್ರಶ್ನೆ: ನೀನು ಏನನ್ನು ತಿಳಿಯಲು ಹೊರಟೆ? — 15 ಅಂಕ
2. ತತ್ವದ ತಿಳಿವಳಿಕೆ — 30 ಅಂಕ
3. ಮಾಡಿ ನೋಡಿದ್ದು, ಅಳೆದದ್ದು, ಬರೆದಿಟ್ಟದ್ದು — 25 ಅಂಕ
4. ಸ್ವಂತ ಕೈಕೆಲಸ — 15 ಅಂಕ
5. ಮಿತಿಯ ಅರಿವು — 10 ಅಂಕ
6. ಮಂಡನೆ — 5 ಅಂಕ

ಸಾಲುಗಳಿಗಿಂತ ಮುಖ್ಯವಾದದ್ದು ಅವುಗಳ ಕೆಳಗೆ ಬರೆದ ಮೆಟ್ಟಿಲುಗಳು. ಎರಡನೆಯ ಸಾಲಿನಲ್ಲಿ ತೀರ್ಪುಗಾರರು ತಮಗೆ ತೋಚಿದಂತೆ 17 ಅಥವಾ 23 ಹಾಕುವಂತಿಲ್ಲ. 0, 10, 20, 30 ಎಂಬ ನಾಲ್ಕೇ ಮೆಟ್ಟಿಲು. ಏನನ್ನೂ ವಿವರಿಸಲಾಗದಿದ್ದರೆ 0. ಬಾಯಿಪಾಠ ಒಪ್ಪಿಸಿದರೆ, ಅಂದರೆ ನಡುವೆ ತಡೆದು ಕೇಳಿದಾಗ ಮತ್ತೆ ಮೊದಲಿನಿಂದ ಶುರುಮಾಡಿದರೆ 10. ಸ್ವಂತ ಮಾತಿನಲ್ಲಿ ಕಾರಣ ಹೇಳಿ, "ಹೀಗೆ ಬದಲಿಸಿದರೆ ಏನಾಗುತ್ತದೆ?" ಎಂಬ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಕಾರಣಸಹಿತ ಸರಿಯುತ್ತರ ಕೊಟ್ಟರೆ 20. ಎರಡಕ್ಕೂ ಕೊಟ್ಟರೆ 30. ಉಳಿದ ಸಾಲುಗಳಿಗೂ ಇಂಥವೇ ಮೆಟ್ಟಿಲುಗಳಿವೆ. ಮೂರನೆಯದರಲ್ಲಿ ಅಳತೆಯೇ ಇಲ್ಲದಿದ್ದರೆ 0, ಒಂದೇ ಸಲ ನೋಡಿದ್ದರೆ 5, ಹಲವು ಸಲ ಅಳೆದು ಬರೆದಿಟ್ಟಿದ್ದರೆ 15, ಹೋಲಿಕೆಗೆ ಬೇಕಾದ ಬೇರೆಲ್ಲವನ್ನೂ ಒಂದೇ ರೀತಿ ಇಟ್ಟು ಅಳೆದಿದ್ದರೆ 25. ನಾಲ್ಕನೆಯದರಲ್ಲಿ, ಯಾವ ಭಾಗವನ್ನು ಎಲ್ಲಿಂದ ತಂದೆ, ಯಾರು ಜೋಡಿಸಿದರು, ಬಿಚ್ಚಿ ಮತ್ತೆ ಜೋಡಿಸುವೆಯಾ ಎಂದು ಕೇಳಬೇಕು. ಕೊಂಡ ಭಾಗಕ್ಕೆ ಅಂಕ ಕಳೆಯುವುದಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆಂದು ಗೊತ್ತಿರಬೇಕು.

"ಹೀಗೆ ಬದಲಿಸಿದರೆ ಏನಾಗುತ್ತದೆ" ಎಂಬ ಪ್ರಶ್ನೆಯೇ ಈ ಹಾಳೆಯ ಜೀವ. ಬಾಯಿಪಾಠ ಮಾಡಿದ ಮಾತಿನಲ್ಲಿ ಆದದ್ದರ ವಿವರಣೆ ಇರುತ್ತದೆ, ಆಗದೆ ಇರುವುದರದು ಇರುವುದಿಲ್ಲ. ತತ್ವ ಗೊತ್ತಿದ್ದವರು ಮಾತ್ರ ಕಾಣದ ಫಲಿತಾಂಶವನ್ನು ಮುಂದಾಗಿ ಹೇಳಬಲ್ಲರು. ಇನ್ನೊಂದು ಅನುಕೂಲವೆಂದರೆ ಉತ್ತರ ಸರಿಯೋ ತಪ್ಪೋ ಎಂದು ಎಷ್ಟೋ ಸಲ ಅಲ್ಲೇ ಮಾಡಿ ನೋಡಬಹುದು. ಚಕ್ರ ಹಿಡಿದರೆ ದೀಪ ಆರುತ್ತದೆ ಎಂದು ಹುಡುಗ ಹೇಳಿದರೆ, ಹಿಡಿದು ನೋಡಿದರಾಯಿತು.

ಹೊಸ ಹಾಳೆಯನ್ನು ಬಳಸುವ ಮೊದಲು ಹಿಂದಿನ ವರ್ಷದ ಆ ಎರಡು ಮಾದರಿಗಳನ್ನೇ ಮತ್ತೆ ಇಡಿಸಿ ಅಂಕ ಹಾಕಿ ನೋಡಿದೆವು. ಅಣೆಕಟ್ಟಿನ ಹುಡುಗನಿಗೆ ಪ್ರಶ್ನೆಯ ಸಾಲಿನಲ್ಲಿ 5, ತತ್ವದಲ್ಲಿ 10, ಅಳತೆಯಲ್ಲಿ 5, ಕೈಕೆಲಸದಲ್ಲಿ 5, ಮಿತಿಯಲ್ಲಿ 0, ಮಂಡನೆಯಲ್ಲಿ 5. ಒಟ್ಟು 30.

ಬಾಟಲಿಯ ಹುಡುಗಿಗೆ ನಾವು ಕೇಳಿದ ಪ್ರಶ್ನೆಗಳನ್ನು ಬರೆಯಬೇಕು. ಸೋಪಿನ ಬದಲು ಬಟ್ಟೆ ಒಗೆಯುವ ಪುಡಿಯನ್ನು ಬಳಸಿದರೆ ಏನಾಗುತ್ತದೆ ಎಂದು ಮೊದಲು ಕೇಳಿದೆವು. ಪುಡಿಯಾದರೆ ಬೋರ್ ನೀರಿನಲ್ಲೂ ಬೇಗ ನೊರೆ ಬಂದುಬಿಡುತ್ತದೆ, ವ್ಯತ್ಯಾಸ ಸಿಗುವುದಿಲ್ಲ ಎಂದಳು. ಕಾರಣವನ್ನೂ ಹೇಳಿದಳು: ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನ ಜೊತೆ ಸೇರಿ ಕರಗದ ಬಿಳಿ ಗಷ್ಟಾಗುತ್ತವೆ, ಆ ಲವಣಗಳೆಲ್ಲ ಮುಗಿಯುವವರೆಗೆ ಹಾಕಿದ ಸೋಪು ವ್ಯರ್ಥ, ಅದಕ್ಕೇ ಹೆಚ್ಚು ಹನಿ, ಪುಡಿ ಹಾಗೆ ಗಷ್ಟಾಗುವುದಿಲ್ಲ. ಆಮೇಲೆ, ಇದೇ ನೀರನ್ನು ಹತ್ತು ನಿಮಿಷ ಕುದಿಸಿ ಆರಿಸಿ ಪರೀಕ್ಷಿಸಿದರೆ ಎಂದು ಕೇಳಿದೆವು. ಹನಿ ಕಡಿಮೆಯಾಗುತ್ತದೆ ಎಂದಳು, ಅದು ಸರಿ. ಯಾಕೆ ಎಂದಾಗ ಹೇಳಲಾಗಲಿಲ್ಲ. ಬೈಕಾರ್ಬೊನೇಟ್ ರೂಪದಲ್ಲಿರುವ ಗಡಸುತನ ಕುದಿಸಿದಾಗ ಸುಣ್ಣದಂತೆ ತಳದಲ್ಲಿ ಕೂರುತ್ತದೆ, ಕ್ಲೋರೈಡ್ ಮತ್ತು ಸಲ್ಫೇಟ್ ರೂಪದ್ದು ನೀರಿನಲ್ಲೇ ಉಳಿಯುತ್ತದೆ ಎಂಬುದು ಅವಳಿಗೆ ತಿಳಿದಿರಲಿಲ್ಲ. ಹಾಗಾಗಿ ತತ್ವದಲ್ಲಿ 20. ಅಳತೆಯಲ್ಲಿ 15: ಮೂರು ಸಲ ಅಳೆದಿದ್ದರೂ ನಡುವೆ ಡ್ರಾಪರು ಒಡೆದು ಬೇರೊಂದನ್ನು ಬಳಸಿದ್ದಳು, ಹನಿಯ ಗಾತ್ರ ಬದಲಾಗಿತ್ತು. ಆ ಸಂಗತಿಯನ್ನು ಅವಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. "ಇದರಿಂದ ಫ್ಲೋರೈಡ್ ಗೊತ್ತಾಗಲ್ಲ ಸಾರ್, ಗಡಸು ಎಷ್ಟು ಅಂತ ಮಾತ್ರ. ಈ ನೀರು ಕುಡಿಯಬಹುದಾ ಅಂತ ಇದು ಹೇಳಲ್ಲ" ಎಂದು ನಾವು ಕೇಳುವ ಮೊದಲೇ ಹೇಳಿದಳು. ನಮ್ಮ ಜಿಲ್ಲೆಯ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡಿನ ತೊಂದರೆ ಎಲ್ಲರಿಗೂ ಗೊತ್ತಿರುವುದರಿಂದ ಈ ಮಾತಿಗೆ ತೂಕವಿದೆ. ಮಿತಿಯ ಸಾಲಿನಲ್ಲಿ 10ಕ್ಕೆ 10. ಪ್ರಶ್ನೆಗೆ 15, ಕೈಕೆಲಸಕ್ಕೆ 15, ಮಂಡನೆಗೆ 2. ಒಟ್ಟು 77.

ಮಂಡನೆಗೆ ಬರೀ 5 ಅಂಕ ಇಟ್ಟದ್ದನ್ನು ಹಲವರು ಪ್ರಶ್ನಿಸಿದರು. ಅದಕ್ಕೆ ನಮ್ಮ ಗಡಿಸೀಮೆಯದೇ ಕಾರಣವಿದೆ. ಚಿಂತಾಮಣಿ, ಗೌರಿಬಿದನೂರು ಕಡೆಯ ಬಹಳಷ್ಟು ಮನೆಗಳಲ್ಲಿ ಆಡುಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಅಪರಿಚಿತ ತೀರ್ಪುಗಾರರ ಮುಂದೆ ಪುಸ್ತಕದ ಕನ್ನಡದಲ್ಲಿ ಮಾತನಾಡಬೇಕಾದಾಗ ಗೊತ್ತಿದ್ದದ್ದೂ ಗಂಟಲಲ್ಲೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಉರುಹೊಡೆದು ಬಂದ ಮಗುವಿಗೆ ಆ ತೊಂದರೆಯಿಲ್ಲ. ಆದ್ದರಿಂದ ಹಾಳೆಯ ಕೆಳಗೆ ಒಂದು ಸೂಚನೆ ಸೇರಿಸಿದೆವು: ವಿದ್ಯಾರ್ಥಿ ಕನ್ನಡ, ತೆಲುಗು, ಉರ್ದು ಯಾವುದರಲ್ಲಾದರೂ ವಿವರಿಸಬಹುದು, ತೀರ್ಪುಗಾರರಿಗೆ ಆ ಭಾಷೆ ಬಾರದಿದ್ದರೆ ಶಿಕ್ಷಕರೊಬ್ಬರು ಜೊತೆಗಿರಬೇಕು. ಬಾಟಲಿಯ ಹುಡುಗಿ ಗಷ್ಟಿನ ವಿಷಯವನ್ನು ಹೇಳಿದ್ದು ತೆಲುಗಿನಲ್ಲೇ. ಹಿಂದಿನ ವರ್ಷ ಅದನ್ನೇ ಕನ್ನಡದಲ್ಲಿ ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದ್ದಳು.

ಖರ್ಚಿಗೆ ಮಿತಿ ಹಾಕಬೇಕೇ ಎಂಬ ಚರ್ಚೆಯೂ ನಡೆಯಿತು. ಇನ್ನೂರು ರೂಪಾಯಿ ಮೀರಬಾರದು ಎಂದರೆ ರಸೀತಿ ಕೇಳಬೇಕು. ರಸೀತಿ ಕೇಳಿದರೆ ಸುಳ್ಳು ಹೇಳುವುದನ್ನು ನಾವೇ ಕಲಿಸಿದಂತೆ. ನಿಜವಾಗಿ ತಾನೇ ಸೆನ್ಸಾರು ಜೋಡಿಸಿ ಕಲಿತ ಹುಡುಗನಿಗೂ ಅದು ಅಡ್ಡಿಯಾಗುತ್ತದೆ. ಹಾಗಾಗಿ ಮಿತಿ ಬೇಡವೆಂದೆವು. ಖರ್ಚಿಗೆ ದಂಡವೂ ಇಲ್ಲ, ಬಹುಮಾನವೂ ಇಲ್ಲ. ಅಗ್ಗದ್ದೆಂಬ ಕಾರಣಕ್ಕೇ ಅಂಕ ಕೊಟ್ಟರೆ ಅದೂ ತಪ್ಪೇ. ಬಾಟಲಿಗಳನ್ನಿಟ್ಟುಕೊಂಡು ಏನೂ ತಿಳಿಯದೆ ನಿಂತವರೂ ಇದ್ದರು, ಅವರಿಗೆ 25ರೊಳಗೇ ಬಂತು. ಈ ಮಾತನ್ನು ಮಕ್ಕಳಿಗೆ ತಿಳಿಸಲು ನಾನು ಗೌರಿಬಿದನೂರಿನ ರೇಡಿಯೋ ದೂರದರ್ಶಕದ ಉದಾಹರಣೆ ಕೊಡುತ್ತಿದ್ದೆ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಅಲ್ಲಿ 34.5 ಮೆಗಾಹರ್ಟ್ಸ್ ಆವರ್ತನದಲ್ಲಿ ಆಕಾಶವನ್ನು ಆಲಿಸುವ ದೂರದರ್ಶಕ ಕಟ್ಟಿದವು. ನೋಡಲು ಅದು ಬಯಲಿನಲ್ಲಿ ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ಸಾಲಾಗಿ ನಿಲ್ಲಿಸಿದ ಸಾವಿರ ತಂತಿ ಆಂಟೆನಾಗಳು. ಬಟ್ಟೆ ಒಣಹಾಕುವ ತಂತಿಯೋ ಎಂದು ದಾರಿಹೋಕರು ತಿಳಿದರೆ ಆಶ್ಚರ್ಯವಿಲ್ಲ. ಅದರ ಬೆಲೆ ಇರುವುದು ಆ ತಂತಿಗಳನ್ನು ಎಷ್ಟು ದೂರಕ್ಕೆ, ಯಾವ ಲೆಕ್ಕದಲ್ಲಿ ನಿಲ್ಲಿಸಿದ್ದಾರೆ ಎಂಬುದರಲ್ಲಿ.

ಹಾಳೆ ಚೆನ್ನಾಗಿದ್ದರೆ ಸಾಲದು, ಅದನ್ನು ತುಂಬುವ ಕ್ರಮವೂ ಬೇಕು. ನಾವು ಮೂರು ನಿಯಮ ಮಾಡಿಕೊಂಡೆವು. ಒಂದು, ತೀರ್ಪುಗಾರರು ಬಂದಾಗ ಮಾದರಿಯ ಸ್ವಿಚ್ಚು ಆರಿರಬೇಕು. ಮೊದಲ ಎರಡು ನಿಮಿಷ ವಿದ್ಯಾರ್ಥಿಯ ಪ್ರಶ್ನೆ ಮತ್ತು ನೋಟ್‌ಬುಕ್ಕು, ಆಮೇಲೆ ದೀಪ. ಎರಡು, ಪ್ರತಿ ಮಾದರಿಯನ್ನು ಇಬ್ಬರು ಬೇರೆಬೇರೆಯಾಗಿ ನೋಡಿ, ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಂತೆ ತುಂಬಬೇಕು. ವ್ಯತ್ಯಾಸ 15ಕ್ಕಿಂತ ಹೆಚ್ಚಾದರೆ ಇಬ್ಬರೂ ಆ ಮೇಜಿಗೆ ಮತ್ತೆ ಹೋಗಬೇಕು. ಮೂರು, ಆರಂಭಿಸುವ ಮೊದಲು ಎಲ್ಲ ತೀರ್ಪುಗಾರರೂ ಒಂದೇ ಮಾದರಿಯನ್ನು ಅಭ್ಯಾಸಕ್ಕಾಗಿ ನೋಡಿ ಅಂಕ ಹಾಕಿ ಹೋಲಿಸಬೇಕು. ಕೆಲವರ ಕೈ ಬಿಗಿ, ಕೆಲವರದು ಧಾರಾಳ. ಬಿಗಿ ಕೈಯವರಿಗೆ ಸಿಕ್ಕ ಮಗು 55 ಪಡೆದು, ಧಾರಾಳದವರಿಗೆ ಸಿಕ್ಕ ಮಗು 70 ಪಡೆದರೆ ಆ ಹದಿನೈದು ಅಂಕ ಮಕ್ಕಳದಲ್ಲ, ತೀರ್ಪುಗಾರರದು.

ಇದಕ್ಕೆ ಸಮಯ ಹಿಡಿಯುತ್ತದೆ. ಒಂದು ಮಾದರಿಗೆ ಎಂಟು ನಿಮಿಷವೆಂದರೆ ಮೂವತ್ತು ಮಾದರಿಗೆ ನಾಲ್ಕು ಗಂಟೆ. ಹಿಂದೆ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು. ಇಬ್ಬರ ಎರಡು ಜೋಡಿಗಳನ್ನು ಮಾಡಿ ಹದಿನೈದು ಹದಿನೈದು ಹಂಚಿದ್ದರಿಂದ ಊಟದ ಹೊತ್ತಿನೊಳಗೆ ಮುಗಿಸಲು ಸಾಧ್ಯವಾಯಿತು. ಅಭ್ಯಾಸದ ಮಾದರಿಯ ನಿಯಮ ಬೇಕಾದದ್ದು ಮುಖ್ಯವಾಗಿ ಈ ಹಂಚಿಕೆಯಿಂದಲೇ.

ಕೆಲಸ ಆಗದ ಕಡೆಯನ್ನೂ ಹೇಳಬೇಕು. ನಮ್ಮ ಹಾಳೆ ನಮ್ಮ ಗೇಟಿನವರೆಗೆ ಮಾತ್ರ. ಬಾಟಲಿಯ ಹುಡುಗಿಯಂಥವರನ್ನು ಮುಂದಿನ ಹಂತಕ್ಕೆ ಕಳುಹಿಸಿದಾಗ ಅಲ್ಲಿ ಬೇರೆ ಹಾಳೆ, ಬೇರೆ ಅವಸರ. ಒಂದು ವರ್ಷ ಮೇಲಿನ ಹಂತದ ಪ್ರದರ್ಶನದಲ್ಲಿ ನಮ್ಮ ಮಕ್ಕಳ ಮೇಜಿನ ಮುಂದೆ ತೀರ್ಪುಗಾರರು ಒಂದು ನಿಮಿಷವೂ ನಿಲ್ಲದೆ ಹೋದರು. ಮಕ್ಕಳು ಬಸ್ಸಿನಲ್ಲಿ ಮಾತಾಡದೆ ಕುಳಿತು ಬಂದರು. ಆಮೇಲಿನ ವರ್ಷಗಳಲ್ಲಿ ನಾವು ಒಂದು ಉಪಾಯ ಮಾಡಿದೆವು. ಶಾಲೆಯಲ್ಲಿ ನಮ್ಮ ಹಾಳೆಯಿಂದ ಆಯ್ಕೆ ಮಾಡಿ, ಆಯ್ಕೆಯಾದವರಿಗೆ ಎರಡು ವಾರ ಎನ್‌ಸಿಇಆರ್‌ಟಿ ಹಾಳೆಯ ಕುಸುರಿ ಮತ್ತು ಮಂಡನೆಯ ಸಾಲುಗಳಿಗಾಗಿ ತಯಾರಿ ಕೊಟ್ಟೆವು: ದೊಡ್ಡ ಅಕ್ಷರದ ಫಲಕ, ಸ್ಟ್ಯಾಂಡು, ಹನಿಗಳ ಎಣಿಕೆಯ ಸ್ತಂಭನಕ್ಷೆ. ತಿಳಿವಳಿಕೆ ಇದ್ದವರಿಗೆ ಅಂದ ಸೇರಿಸುವುದು ಎರಡು ವಾರದ ಕೆಲಸ. ಅಂದ ಇದ್ದದ್ದಕ್ಕೆ ತಿಳಿವಳಿಕೆ ಸೇರಿಸುವುದು ಅಷ್ಟರಲ್ಲಿ ಆಗುವುದಿಲ್ಲ.

ಇನ್ನೊಂದು ಮಿತಿ, "ಬದಲಿಸಿದರೆ ಏನಾಗುತ್ತದೆ" ಎಂಬ ಪ್ರಶ್ನೆಗೂ ಉತ್ತರ ಬಾಯಿಪಾಠ ಮಾಡಿಸಬಹುದು. ಮೂರ್ನಾಲ್ಕು ವರ್ಷಗಳಲ್ಲಿ ಮಕ್ಕಳಿಗೆ ಪ್ರಶ್ನೆಯ ಧಾಟಿ ಗೊತ್ತಾಗಿ, ಟ್ಯೂಷನ್ನಿನಲ್ಲಿ ಉತ್ತರ ಬರೆಸಿಕೊಂಡು ಬರತೊಡಗಿದರು. ಇದಕ್ಕೆ ಪೂರ್ತಿ ಪರಿಹಾರವಿಲ್ಲ. ಪ್ರಶ್ನೆಯನ್ನು ಮೊದಲೇ ಬರೆದಿಟ್ಟುಕೊಳ್ಳದೆ, ಮಗುವಿನ ನೋಟ್‌ಬುಕ್ಕಿನ ಒಂದು ಅಂಕಿಯನ್ನು ತೋರಿಸಿ "ಈ ಸಲ ಮಾತ್ರ ಯಾಕೆ ಹೆಚ್ಚು ಬಂತು?" ಎಂದು ಕೇಳಿದರೆ ಬಹಳಷ್ಟು ಸಲ ನಿಜ ಹೊರಬೀಳುತ್ತದೆ. ತಾನೇ ಅಳೆದವನಿಗೆ ಆ ದಿನ ಏನಾಯಿತೆಂದು ನೆನಪಿರುತ್ತದೆ. "ಆವತ್ತು ಬಾಟಲಿ ಸರಿಯಾಗಿ ತೊಳೆದಿರಲಿಲ್ಲ" ಎಂಬ ಉತ್ತರವನ್ನು ಯಾವ ಟ್ಯೂಷನ್ನಿನಲ್ಲೂ ಬರೆಸುವುದಿಲ್ಲ.

ಅಣೆಕಟ್ಟಿನ ಹುಡುಗನ ವಿಷಯ ಹೇಳದಿದ್ದರೆ ಈ ಇತಿಹಾಸ ಪೂರ್ತಿಯಾಗದು. ಮೂವತ್ತು ಅಂಕ ಬಂದದ್ದಕ್ಕೆ ಅವನ ತಂದೆ ಶಾಲೆಗೆ ಬಂದು ಮುಖ್ಯೋಪಾಧ್ಯಾಯರನ್ನು ಕಂಡರು. ಅವರ ಮುಂದೆಯೇ ಹಾಳೆಯ ಮೆಟ್ಟಿಲುಗಳನ್ನು ಓದಿ ಹೇಳಿದೆವು. ಪ್ರತಿ ಅಂಕಕ್ಕೂ ಕಾರಣ ಬರೆದಿತ್ತಾದ್ದರಿಂದ ಅವರು ವಾದ ಬೆಳೆಸಲಿಲ್ಲ. ಮುಂದಿನ ಪ್ರದರ್ಶನಕ್ಕೆ ಆ ಹುಡುಗ ಹಳೆಯ ಟೇಪ್ ರೆಕಾರ್ಡರಿನ ಮೋಟಾರನ್ನು ಬಿಚ್ಚಿ, ಅದರ ಅಚ್ಚಿಗೆ ಚಕ್ರ ಕಟ್ಟಿ, ನಲ್ಲಿಯ ನೀರು ಬಿಟ್ಟು ಒಂದೇ ಒಂದು ಎಲ್‌ಇಡಿ ಉರಿಸಿದ. ದೀಪ ಮಂಕಾಗಿತ್ತು. ನೀರು ಎಷ್ಟು ಎತ್ತರದಿಂದ ಬಿದ್ದರೆ ದೀಪ ಹತ್ತುತ್ತದೆ ಎಂದು ಅಡಿಕೋಲಿನಿಂದ ಅಳೆದು ಬರೆದಿದ್ದ. ಚಕ್ರ ಹಿಡಿದರೆ ದೀಪ ಆರಿತು. ಎಲ್‌ಇಡಿಯ ತಂತಿಗಳನ್ನು ಅದಲುಬದಲು ಮಾಡಿದರೆ ಏನಾಗುತ್ತದೆ ಎಂದು ಕೇಳಿದಾಗ, ಹತ್ತುವುದಿಲ್ಲ, ಎಲ್‌ಇಡಿಯಲ್ಲಿ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯುತ್ತದೆ ಎಂದ. ಅವನಿಗೆ 80ರ ಮೇಲೆ ಬಂತು.

ಸುವರ್ಣ ಮಹೋತ್ಸವದ ಅಂಗವಾಗಿ ಈ ಸಲದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹಳೆಯ ವಿದ್ಯಾರ್ಥಿಗಳನ್ನೇ ತೀರ್ಪುಗಾರರನ್ನಾಗಿ ಕರೆಯುವ ಯೋಚನೆ ಇದೆಯೆಂದು ಕೇಳಿದ್ದೇನೆ. ಬರುವವರಿಗೆ ಹಾಳೆ ಬೀರುವಿನ ಎರಡನೇ ಅರೆಯಲ್ಲಿ ಸಿಗುತ್ತದೆ. ಮೂರನೆಯ ಸಾಲಿನ ಮೆಟ್ಟಿಲುಗಳು ಗಣಿತದ ಮಾದರಿಗಳಿಗೂ, ಗಿಡಮೂಲಿಕೆಯ ಸಂಗ್ರಹದಂಥ ಕೆಲಸಗಳಿಗೂ ಸರಿಹೊಂದುವುದಿಲ್ಲ. ಅಲ್ಲಿ ಅಳತೆಗಿಂತ ಹುಡುಕಾಟ ಮತ್ತು ಗುರುತಿಸುವಿಕೆ ಮುಖ್ಯ. ಅದಕ್ಕೆ ಬೇರೆ ಮೆಟ್ಟಿಲು ಬರೆಯಬೇಕೆಂದು ನಾವು ಅಂದುಕೊಂಡಿದ್ದೆವು, ಆ ಕೆಲಸ ಇನ್ನೂ ಬಾಕಿ ಇದೆ. ಈಗಿನ ವಿಜ್ಞಾನ ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ಕೂಡಿ ಅದನ್ನು ತುಂಬಿಸಲಿ. ಸ್ವಿಚ್ಚು ಆರಿಸಿ ಮಾತು ಶುರುಮಾಡುವ ನಿಯಮವನ್ನು ಮಾತ್ರ ಬಿಡಬೇಡಿ.